ಸಭೆಯ ಮೇಲ್: ಹೆಸರು ಮೊದಲು ಬರಲಿ

ಮೈಸೂರಿನ ಕುವೆಂಪುನಗರದ ಒಂದು ಅಪಾರ್ಟ್‌ಮೆಂಟ್ ಸಂಘ ಅಂದುಕೊಳ್ಳಿ. ಭಾನುವಾರದ ಸಭೆ ಮುಗಿದ ಮೇಲೆ ಎಲ್ಲರಿಗೂ ಮೇಲ್ ಹೋಯಿತು. ಅದರಲ್ಲಿ ಒಂದು ಸಾಲು ಹೀಗಿದೆ: 'ಸಂಪ್ ಸ್ವಚ್ಛಗೊಳಿಸುವ ಕುರಿತು ಚರ್ಚಿಸಿ, ಕೊಟೇಶನ್ ಪಡೆದು ದಸರಾಕ್ಕೆ ಮುಂಚೆ ಕೆಲಸ ಮಾಡಿಸಲು ತೀರ್ಮಾನಿಸಲಾಯಿತು.'

ಕೊಟೇಶನ್ ತರುವವರು ಯಾರು? ಸಾಲಿನಲ್ಲಿ ಇಲ್ಲವೇ ಇಲ್ಲ. 'ಮಾಡಲಾಯಿತು', 'ತೀರ್ಮಾನಿಸಲಾಯಿತು' ಎಂದು ಬರೆದರೆ ಮಾಡುವವರ ಹೆಸರು ಬಿಟ್ಟುಹೋದರೂ ಕನ್ನಡದಲ್ಲಿ ವಾಕ್ಯ ಸರಿಯಾಗಿಯೇ ಕೇಳಿಸುತ್ತದೆ. ಹಾಗಾಗಿ ಬರೆದವರಿಗೂ ತಪ್ಪು ಕಾಣುವುದಿಲ್ಲ. ಮೊದಲು ಮಾಡಬೇಕಾದ್ದು ಇಷ್ಟೇ: ಕರಡಿನಲ್ಲಿ 'ಲಾಯಿತು', 'ಲಾಗುವುದು' ಎಂದು ಮುಗಿಯುವ ಸಾಲುಗಳಿಗೆ ಗೆರೆ ಎಳೆಯಿರಿ. ಪ್ರತಿ ಗೆರೆಯ ಮುಂದೆ 'ಯಾರು?' ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಮೇಲ್ ಕಳಿಸುವ ಮುಂಚೆಯೇ ಫೋನ್ ಮಾಡಿ ಕೇಳಿಬಿಡಿ.

ಆಮೇಲೆ ಕೆಲಸಗಳನ್ನು ಚರ್ಚೆಯಿಂದ ಬಿಡಿಸಿ ಮೇಲಕ್ಕೆ ತನ್ನಿ. ಮೇಲ್ ಈ ರೂಪಕ್ಕೆ ಬರುತ್ತದೆ:

ವಿಷಯ: ಸೆ. 6ರ ಸಭೆ: ಮೂವರಿಗೆ ಕೆಲಸ, ಮೊದಲ ಗಡುವು ಸೆ. 9

ಯಾರಿಗೆ ಯಾವ ಕೆಲಸ
ಕಾರ್ಯದರ್ಶಿ: ನೀರಿನ ಹೊಸ ಮೀಟರ್‌ಗೆ ವಾಣಿ ವಿಲಾಸ ವಾಟರ್ ವರ್ಕ್ಸ್‌ನಲ್ಲಿ ಅರ್ಜಿ ಕೊಡುವುದು. ಸೆ. 9, ಬುಧವಾರ.
ಖಜಾಂಚಿ: ಸಂಪ್ ತೊಳೆಯಲು 2 ಕೊಟೇಶನ್ ತರಿಸಿ ಎಲ್ಲರಿಗೂ ಕಳಿಸುವುದು. ಸೆ. 12, ಶನಿವಾರ.
ಜಂಟಿ ಕಾರ್ಯದರ್ಶಿ: ಕಾಂಪೌಂಡ್‌ಗೆ ಬಣ್ಣ ಹೊಡೆಯುವವರನ್ನು ಗೊತ್ತು ಮಾಡುವುದು. ಸೆ. 20, ಭಾನುವಾರ.

ತೀರ್ಮಾನ
ಅಕ್ಟೋಬರ್‌ನಿಂದ ನಿರ್ವಹಣೆ ಶುಲ್ಕ ತಿಂಗಳಿಗೆ 1,800 ರೂಪಾಯಿ.

ಇಲ್ಲಿ ಹುದ್ದೆ ಹಾಕಿದ್ದೇನೆ. ನಿಮ್ಮ ಮೇಲ್‌ನಲ್ಲಿ ಜನರ ಹೆಸರೇ ಇರಲಿ, ಯಾಕೆಂದರೆ ಕಣ್ಣು ಹುಡುಕುವುದು ತನ್ನ ಹೆಸರನ್ನು. ಸಾಲಿನ ನಡುವೆ ಹೆಸರಿದ್ದರೆ ಬೆರಳು ಮೊಬೈಲ್ ಪರದೆ ಸರಿಸುವ ವೇಗದಲ್ಲಿ ಅದು ತಪ್ಪಿಹೋಗುತ್ತದೆ. ಒಬ್ಬರಿಗೆ ಎರಡು ಕೆಲಸವಿದ್ದರೆ ಒಟ್ಟಿಗೇ ಇಡಿ, ಅಜೆಂಡಾದ ಕ್ರಮ ಇಲ್ಲಿ ಬೇಡ. ಟೇಬಲ್ ಕೂಡ ಬೇಡ. ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಕಾಣುವ ಟೇಬಲ್ ಫೋನಿನಲ್ಲಿ ಎಷ್ಟೋ ಸಲ ಪಕ್ಕಕ್ಕೆ ಜಾರಿ, ಗಡುವಿನ ಕಾಲಂ ಪರದೆಯಿಂದ ಆಚೆ ಹೋಗುತ್ತದೆ.

ಜಾಸ್ತಿ ಎಡವುವುದು ಇನ್ನೊಂದು ಕಡೆ. 'ಖಜಾಂಚಿ ಮತ್ತು ಕಾರ್ಯದರ್ಶಿ' ಎಂದು ಇಬ್ಬರನ್ನೂ ಹಾಕಿದರೆ ಅವರು ಮಾಡುತ್ತಾರೆ ಅಂತ ಇವರು, ಇವರು ಮಾಡುತ್ತಾರೆ ಅಂತ ಅವರು. ಒಂದು ಕೆಲಸಕ್ಕೆ ಒಂದೇ ಹೆಸರು ಇರಲಿ. ಜೊತೆಗಾರರಿದ್ದರೆ ಸಾಲಿನ ಕೊನೆಗೆ 'ನೆರವು' ಎಂದು ಸೇರಿಸಿ. 'ದಸರಾಕ್ಕೆ ಮುಂಚೆ' ಎಂಬ ಗಡುವೂ ಸಾಲದು, ತಾರೀಖು ಮತ್ತು ವಾರ ಎರಡೂ ಬೇಕು.

ಕಳಿಸುವ ಮುಂಚೆ ಮೇಲನ್ನು ನಿಮಗೇ ಕಳಿಸಿಕೊಂಡು ಫೋನಿನಲ್ಲಿ ತೆರೆಯಿರಿ. ಪರದೆ ಸರಿಸದೆಯೇ ಎಲ್ಲ ಹೆಸರೂ ಕಾಣಬೇಕು. ಕಳಿಸಿದ ಮೇಲೂ 'ನಂದೇನಾದ್ರೂ ಇದೆಯಾ?' ಎಂದು ಯಾರಾದರೂ ಕೇಳಿದರೆ, ಅವರ ಸಾಲನ್ನು ಮತ್ತೆ ನೋಡಿ. ಹೆಸರು ಮೊದಲ ಪದವಾಗಿರುವುದಿಲ್ಲ, ಇಲ್ಲವೇ ಅದರ ಮೇಲೆ ನಾಲ್ಕು ಸಾಲು ವಂದನೆ ಕೂತಿರುತ್ತದೆ.

ಯಾರು ಏನೆಂದರು ಎಂಬ ವಿವರಕ್ಕೆ ನಡಾವಳಿ ಪುಸ್ತಕ ಇದ್ದೇ ಇದೆ. ಅದನ್ನು ಎಂದಿನಂತೆ ಪೂರ್ತಿಯಾಗಿ ಬರೆದು, ಸಹಿ ಮಾಡಿಸಿ ಇಡಿ.