ಮುಂದುವರಿಯಬೇಕೇ, ನಿಲ್ಲಿಸಬೇಕೇ: ಪ್ರಾಜೆಕ್ಟ್‌ಗೆ ಹಂತದ ಗೇಟ್‌ಗಳನ್ನು ಹಾಕುವ ಬಗೆ

ಲಂಡನ್‌ನಿಂದ ನ್ಯೂಯಾರ್ಕಿಗೆ ಸುಮಾರು ಮೂರೂವರೆ ಗಂಟೆಯಲ್ಲಿ ತಲುಪುತ್ತಿದ್ದ ಕಾಂಕಾರ್ಡ್ ವಿಮಾನವನ್ನು ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಕಟ್ಟಿದವು. ಪ್ರಾಜೆಕ್ಟ್‌ನ ಆಯುಷ್ಯ ಬೇರೆ, ಅದರಿಂದ ಹುಟ್ಟುವ ಉತ್ಪನ್ನದ ಆಯುಷ್ಯ ಬೇರೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಇನ್ನೊಂದು ಸಿಕ್ಕಿಲ್ಲ. ಆದ್ದರಿಂದ ಹಂತಗಳನ್ನು ವಿಂಗಡಿಸುವ, ನಡುವೆ ಗೇಟ್‌ಗಳನ್ನು, ಅಂದರೆ ಮುಂದೆ ಹೋಗಬೇಕೇ ಎಂದು ನಿಂತು ಪರಿಶೀಲಿಸುವ ಜಾಗಗಳನ್ನು, ಇಡುವ ಮತ್ತು ಅಲ್ಲಿ ನಿರ್ಧಾರ ಕೈಗೊಳ್ಳುವ ಕ್ರಮವನ್ನು ಆ ವಿಮಾನದ ಕಥೆಯೊಂದಿಗೇ ನೋಡೋಣ.

ಮೊದಲ ಹೆಜ್ಜೆ: ಎರಡು ಗೆರೆಗಳನ್ನು ಎಳೆಯಿರಿ

ಒಂದು ಹಾಳೆಯಲ್ಲಿ ಎರಡು ಅಡ್ಡ ಗೆರೆಗಳನ್ನು ಎಳೆದು, ಮೇಲಿನದಕ್ಕೆ ಪ್ರಾಜೆಕ್ಟ್ ಎಂದೂ ಕೆಳಗಿನದಕ್ಕೆ ಉತ್ಪನ್ನ ಎಂದೂ ಹೆಸರಿಡಿ. ಪ್ರಾಜೆಕ್ಟ್‌ನ ಗೆರೆ ಆಲೋಚನೆಯಿಂದ ಆರಂಭವಾಗಿ, ಕಾರ್ಯಸಾಧ್ಯತೆಯ ಪರಿಶೀಲನೆ, ವಿನ್ಯಾಸ, ನಿರ್ಮಾಣ ಮತ್ತು ಪರೀಕ್ಷೆಗಳನ್ನು ದಾಟಿ, ಹಸ್ತಾಂತರದಲ್ಲಿ ಮುಗಿಯುತ್ತದೆ. ಉತ್ಪನ್ನ ಮಾರುಕಟ್ಟೆಗೆ ಬಂದು, ಬೆಳೆದು, ಒಂದು ಮಟ್ಟದಲ್ಲಿ ನಿಂತು, ಕೊನೆಗೆ ಇಳಿದು ಹಿಂದೆ ಸರಿಯುವವರೆಗಿನ ಕಾಲ ಎರಡನೆಯ ಗೆರೆಯದು.

ಕಾಂಕಾರ್ಡ್‌ನ ಮೇಲಿನ ಗೆರೆ, 1962ರ ನವೆಂಬರ್ 29ರಂದು ಎರಡು ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕಿದಲ್ಲಿ ಗಟ್ಟಿಯಾಯಿತು. ಮೊದಲ ಹಾರಾಟ ನಡೆದದ್ದು 1969ರ ಮಾರ್ಚ್ 2ರಂದು. 1976ರ ಜನವರಿ 21ರಂದು ಪ್ರಯಾಣಿಕರ ಸೇವೆ ಆರಂಭವಾದಾಗ ಕೆಳಗಿನ ಗೆರೆ ಶುರುವಾಗಿ, 2003ರವರೆಗೆ ಸಾಗಿತು. ಹದಿಮೂರು ವರ್ಷಗಳ ತಯಾರಿ, ಇಪ್ಪತ್ತೇಳು ವರ್ಷಗಳ ಬಾಳು. ಆದರೆ ಪರೀಕ್ಷೆಗಾಗಿ ಕಟ್ಟಿದ ಮಾದರಿ ವಿಮಾನಗಳೂ ಸೇರಿ ಒಟ್ಟು ತಯಾರಾದದ್ದು 20, ಪ್ರಯಾಣಿಕರ ಸೇವೆಗೆ ಇಳಿದದ್ದು 14 ಮಾತ್ರ. ಉತ್ಪನ್ನದ ಗೆರೆಯಲ್ಲಿ ಇರಬೇಕಾದ ಬೆಳವಣಿಗೆಯ ಹಂತ ಇಲ್ಲಿ ಬರಲೇ ಇಲ್ಲ.

ಎರಡನೆಯ ಹೆಜ್ಜೆ: ಖರ್ಚು ಜಿಗಿಯುವ ಕಡೆ ಗೇಟ್ ಇಡಿ

ಗೇಟ್‌ಗಳನ್ನು ಮೂರು ತಿಂಗಳಿಗೊಂದರಂತೆ ಕ್ಯಾಲೆಂಡರ್ ನೋಡಿ ಇಡುವುದು ಸಾಮಾನ್ಯ ತಪ್ಪು. ಮುಂದಿನ ಹಂತದ ಖರ್ಚು ಹಿಂದಿನದಕ್ಕಿಂತ ಹಲವು ಪಟ್ಟು ಹೆಚ್ಚಾಗುವ ಜಾಗಗಳಲ್ಲಿ, ಆ ಹಣಕ್ಕೆ ಸಹಿ ಬೀಳುವ ಮುಂಚೆ, ಗೇಟ್ ಇರಬೇಕು. ಕಾಗದದ ಮೇಲಿನ ವಿನ್ಯಾಸದಿಂದ ಮಾದರಿಯ ನಿರ್ಮಾಣಕ್ಕೆ ಹೋಗುವಾಗ ಒಂದು, ಮಾದರಿಯಿಂದ ಪೂರ್ಣ ಉತ್ಪಾದನೆಗೆ ಹೋಗುವಾಗ ಇನ್ನೊಂದು ಇದ್ದೇ ತೀರಬೇಕು. ಮುಂದಿನ ಹಂತದ ಯಂತ್ರಗಳಿಗೆ ಆಗಲೇ ಆರ್ಡರ್ ಹೋಗಿದ್ದರೆ ಅದು ಹೆಸರಿಗಷ್ಟೇ ಗೇಟ್. ಅಲ್ಲಿ ಸೇರಿದವರ ಮುಂದೆ ಆಯ್ಕೆಯೇ ಉಳಿದಿರುವುದಿಲ್ಲ.

ಮೂರನೆಯ ಹೆಜ್ಜೆ: ಪ್ರಶ್ನೆಗಳನ್ನು ಕೆಳಗಿನ ಗೆರೆಯಿಂದ ತನ್ನಿ

ಹೆಚ್ಚಿನ ತಂಡಗಳು ಎಡವುವುದು ಇಲ್ಲಿಯೇ. ಗೇಟ್‌ನ ಸಭೆಯಲ್ಲಿ ಕೆಲಸ ಸಮಯಕ್ಕೆ ಸರಿಯಾಗಿ ಮುಗಿದಿದೆಯೇ, ವೆಚ್ಚ ಮಿತಿಯಲ್ಲಿದೆಯೇ ಎಂದು ಕೇಳುತ್ತಾರೆ. ಅವು ಪ್ರಾಜೆಕ್ಟ್‌ನ ಆರೋಗ್ಯದ ಪ್ರಶ್ನೆಗಳು. ಮುಂದುವರಿಯಬೇಕೇ ಎಂಬುದಕ್ಕೆ ಉತ್ತರ ಸಿಗುವುದು ಉತ್ಪನ್ನದ ಪ್ರಶ್ನೆಗಳಿಂದ: ಇದನ್ನು ಯಾರು, ಎಷ್ಟು ಕೊಳ್ಳುತ್ತಾರೆ, ಎಲ್ಲಿ ಬಳಸಲು ಸಾಧ್ಯ, ನಡೆಸಲು ಎಷ್ಟು ಖರ್ಚಾಗುತ್ತದೆ?

ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಕೆಳಗೆ ನೆಲದುದ್ದಕ್ಕೂ ಸಿಡಿಲಿನಂಥ ಸದ್ದು ಕೇಳಿಸುತ್ತದೆ. ಜನ ಅದನ್ನು ಸಹಿಸುವರೇ ಎಂದು ತಿಳಿಯಲು ಅಮೆರಿಕ ಸರ್ಕಾರ 1964ರಲ್ಲಿ ಒಕ್ಲಹೋಮ ಸಿಟಿಯ ಮೇಲೆ ಆರು ತಿಂಗಳಲ್ಲಿ 1,253 ಬಾರಿ ಅಂಥ ಸದ್ದನ್ನು ಉಂಟುಮಾಡಿ ನೋಡಿತು. ಕೊನೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜನ, ಇದರೊಂದಿಗೆ ಬದುಕಲು ಆಗದು ಎಂದರು. ಭೂಭಾಗದ ಮೇಲೆ ಪೂರ್ಣ ವೇಗದಲ್ಲಿ ಹಾರಲಾಗದ ವಿಮಾನಕ್ಕೆ ಉಳಿಯುವುದು ಸಾಗರ ದಾಟುವ ಮಾರ್ಗಗಳಷ್ಟೇ. ಹಾಗಾದರೆ ಎಷ್ಟು ವಿಮಾನ ಮಾರಾಟವಾದೀತು ಎಂಬ ಪ್ರಶ್ನೆಯನ್ನು, ಮಾದರಿ ಹಾರುವುದಕ್ಕೆ ಐದು ವರ್ಷ ಮೊದಲೇ, ಆ ಉತ್ತರವನ್ನು ಕೈಯಲ್ಲಿಟ್ಟುಕೊಂಡೇ ಕೇಳಬಹುದಾಗಿತ್ತು.

ಈ ಷರತ್ತುಗಳನ್ನು ಗೇಟ್‌ಗೆ ತಲುಪುವ ಮೊದಲೇ ಬರೆದಿಡಬೇಕು. "ಮಾರುಕಟ್ಟೆ ಚೆನ್ನಾಗಿದೆ" ಎಂಬುದು ಷರತ್ತಲ್ಲ. "ಮುಂಗಡ ಹಣ ಕೊಟ್ಟ ಗ್ರಾಹಕರು ಇಂತಿಷ್ಟು ಇಲ್ಲದಿದ್ದರೆ ಉತ್ಪಾದನೆಗೆ ಹೋಗುವುದಿಲ್ಲ" ಎಂಬುದು ಷರತ್ತು. ಕಾಂಕಾರ್ಡ್‌ಗೆ ಎಪ್ಪತ್ತಕ್ಕೂ ಹೆಚ್ಚು ವಿಮಾನಗಳ ಬೇಡಿಕೆ ಇದೆಯೆಂದು ಹೇಳಲಾಗುತ್ತಿತ್ತು. ನಮ್ಮ ಏರ್ ಇಂಡಿಯಾ ಕೂಡ ಎರಡನ್ನು ಕಾಯ್ದಿರಿಸಿತ್ತು. ಆದರೆ ಅವುಗಳಲ್ಲಿ ಬಹುಪಾಲು ಬೇಕಾದರೆ ಕೊಳ್ಳುವ ಹಕ್ಕುಗಳಾಗಿದ್ದವೇ ಹೊರತು ಖರೀದಿಯ ಬದ್ಧತೆಯಾಗಿರಲಿಲ್ಲ. 1973ರ ಜನವರಿ 31ರಂದು ಅಮೆರಿಕದ ವಿಮಾನ ಸಂಸ್ಥೆಗಳಾದ ಪ್ಯಾನ್ ಆಮ್ ಮತ್ತು ಟಿಡಬ್ಲ್ಯೂಎ ಹಿಂದೆ ಸರಿದವು, ಉಳಿದವರೂ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಉಳಿದವು ವಿಮಾನವನ್ನು ಕಟ್ಟಿದ ಎರಡು ದೇಶಗಳ ಸ್ವಂತ ವಿಮಾನ ಸಂಸ್ಥೆಗಳು ಮಾತ್ರ.

ನಾಲ್ಕನೆಯ ಹೆಜ್ಜೆ: ಉಳಿದಿರುವ ಹಣವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ

ಒಂದು ಸಣ್ಣ ಕಾರ್ಖಾನೆ ಹೊಸ ಯಂತ್ರವೊಂದಕ್ಕೆ ಈಗಾಗಲೇ 60 ಲಕ್ಷ ಖರ್ಚು ಮಾಡಿದೆ, ಮುಗಿಸಲು ಇನ್ನೂ 40 ಲಕ್ಷ ಬೇಕು ಎಂದಿಟ್ಟುಕೊಳ್ಳಿ. ಯಂತ್ರ ತನ್ನ ಬಾಳಿನುದ್ದಕ್ಕೂ ತರುವ ನಿವ್ವಳ ಗಳಿಕೆ 30 ಲಕ್ಷ ಎಂದಾದರೆ ನಿಲ್ಲಿಸಬೇಕು, ಏಕೆಂದರೆ ಮುಂದುವರಿದರೆ ಹೊಸದಾಗಿ 10 ಲಕ್ಷ ಕಳೆದುಕೊಳ್ಳುತ್ತೇವೆ. ಗಳಿಕೆ 55 ಲಕ್ಷ ಎಂದಾದರೆ, ಒಟ್ಟು ವೆಚ್ಚವಾದ ಒಂದು ಕೋಟಿ ಮರಳಿ ಬಾರದಿದ್ದರೂ ಮುಂದುವರಿಯಬೇಕು, ಏಕೆಂದರೆ ಇನ್ನು ಹಾಕುವ 40ಕ್ಕೆ 55 ಬರುತ್ತದೆ. ಎರಡು ಲೆಕ್ಕಗಳಲ್ಲಿಯೂ ಆ 60 ಲಕ್ಷದ ಪಾತ್ರವಿಲ್ಲ. ಯಾವ ನಿರ್ಧಾರ ಕೈಗೊಂಡರೂ ಅದು ಮರಳುವುದಿಲ್ಲ. ಮುಳುಗಿದ ಹಣದ ಮೋಹದಿಂದ ಮುಂದುವರಿಯುವ ಈ ತಪ್ಪಿಗೆ ಅರ್ಥಶಾಸ್ತ್ರದಲ್ಲಿ ಕಾಂಕಾರ್ಡ್‌ನ ಹೆಸರೇ ಅಂಟಿಕೊಂಡಿದೆ. 1962ರಲ್ಲಿ 15ರಿಂದ 17 ಕೋಟಿ ಪೌಂಡ್ ಎಂದು ಅಂದಾಜಿಸಿದ್ದ ವೆಚ್ಚ, ಕೊನೆಗೆ 100 ಕೋಟಿ ಪೌಂಡ್‌ಗಳನ್ನು ದಾಟಿತು.

ಐದನೆಯ ಹೆಜ್ಜೆ: ಹೊರಬರುವ ದಾರಿಯನ್ನು ಒಪ್ಪಂದದಲ್ಲೇ ಬರೆಯಿರಿ

ಗೇಟ್‌ನಲ್ಲಿ ಮುಂದುವರಿಯಿರಿ, ನಿಲ್ಲಿಸಿ, ಸದ್ಯಕ್ಕೆ ತಡೆಯಿರಿ, ಹಿಂದಿನ ಹಂತಕ್ಕೆ ಮರಳಿ ಸರಿಪಡಿಸಿ ಎಂಬ ನಾಲ್ಕು ಉತ್ತರಗಳು ಸಾಧ್ಯ. ಅವನ್ನು ಕೊಡುವವರು ಹಣದ ಹೊಣೆ ಹೊತ್ತವರಾಗಿರಬೇಕು, ಪ್ರಾಜೆಕ್ಟ್ ನಡೆಸುವವರಲ್ಲ. 1964ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ಅಧಿಕಾರಕ್ಕೆ ಬಂದ ಹೆರಾಲ್ಡ್ ವಿಲ್ಸನ್ ಅವರ ಸರ್ಕಾರ ಕಾಂಕಾರ್ಡ್ ಅನ್ನು ಕೈಬಿಡಲು ಬಯಸಿತ್ತು. ಆದರೆ ಒಬ್ಬರೇ ಹೊರಬರಲು ಒಪ್ಪಂದದಲ್ಲಿ ಅವಕಾಶವಿರಲಿಲ್ಲ. ಫ್ರಾನ್ಸ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಬಹುದೆಂಬ ಭಯದಿಂದ ಮುಂದಿನ ಜನವರಿಯಲ್ಲಿ ಮುಂದುವರಿಯುವುದಾಗಿ ಹೇಳಬೇಕಾಯಿತು. ಅಮೆರಿಕದಲ್ಲಿ ಇದೇ ಬಗೆಯ ಬೋಯಿಂಗ್ 2707 ವಿಮಾನಕ್ಕೆ ಹಣ ಕೊಡುವ ಅಧಿಕಾರ ಸಂಸತ್ತಿನ ಕೈಯಲ್ಲಿತ್ತು. 1971ರ ಮಾರ್ಚ್ 24ರಂದು ಸೆನೆಟ್ 51ಕ್ಕೆ 46 ಮತಗಳಿಂದ ಅದನ್ನು ನಿಲ್ಲಿಸಿತು, ಆಗ ಮಾದರಿ ವಿಮಾನ ಇನ್ನೂ ಪೂರ್ಣಗೊಂಡಿರಲಿಲ್ಲ. ಅದು ನೋವಿನ ನಿರ್ಧಾರವೇ ಸರಿ, ಸಾವಿರಾರು ಜನರ ಕೆಲಸ ಹೋಯಿತು. ಆದರೂ ಅಲ್ಲಿ ಗೇಟ್ ತನ್ನ ಕೆಲಸ ಮಾಡಿತು ಎಂದೇ ನಾನು ಭಾವಿಸುತ್ತೇನೆ.

ಕೊನೆಯ ಗೇಟ್

ಹಸ್ತಾಂತರದ ನಂತರ ಲೆಕ್ಕದ ಸ್ವರೂಪ ಬದಲಾಗುತ್ತದೆ. ಅಭಿವೃದ್ಧಿಯ ವೆಚ್ಚವನ್ನು ಸರ್ಕಾರಗಳೇ ಹೊತ್ತಿದ್ದರಿಂದ, ಬ್ರಿಟಿಷ್ ಏರ್‌ವೇಸ್ 1980ರ ದಶಕದಲ್ಲಿ ಟಿಕೆಟ್ ದರ ಏರಿಸಿ ಈ ವಿಮಾನಗಳಿಂದ ಲಾಭವನ್ನೇ ಪಡೆಯಿತು. ಪ್ರಾಜೆಕ್ಟ್ ಆಗಿ ಸೋತದ್ದು ಉತ್ಪನ್ನವಾಗಿ ಕೆಲಕಾಲ ಗೆಲ್ಲಬಹುದು. ಇದಕ್ಕೆ ವಿರುದ್ಧವಾದದ್ದೂ ಸಾಧ್ಯ. ಹೀಗಾಗಿ ಉತ್ಪನ್ನವನ್ನು ಹಿಂದೆಗೆದುಕೊಳ್ಳುವ ನಿರ್ಧಾರವನ್ನು ಅದರ ಆ ಹೊತ್ತಿನ ಗಳಿಕೆ ಮತ್ತು ನಿರ್ವಹಣೆಯ ಖರ್ಚಿನ ಮೇಲೆಯೇ ಕೈಗೊಳ್ಳಬೇಕಾಗುತ್ತದೆ. 2000ದ ಜುಲೈನಲ್ಲಿ ಪ್ಯಾರಿಸ್ ಬಳಿ ನಡೆದ ದುರಂತದಲ್ಲಿ 113 ಜನ ಸತ್ತ ಮೇಲೆ ಪ್ರಯಾಣಿಕರು ಕಡಿಮೆಯಾಗಿದ್ದರು, ನಿರ್ವಹಣೆಯ ವೆಚ್ಚ ಏರುತ್ತಿತ್ತು, 2003ರಲ್ಲಿ ತಯಾರಕ ಸಂಸ್ಥೆಯಾದ ಏರ್‌ಬಸ್ ಕೂಡ ಈ ವಿಮಾನಕ್ಕೆ ತಾಂತ್ರಿಕ ಬೆಂಬಲವನ್ನು ನಿಲ್ಲಿಸುವುದಾಗಿ ತಿಳಿಸಿತು. ಬಿಡಿಭಾಗ ಮತ್ತು ತಾಂತ್ರಿಕ ಬೆಂಬಲವನ್ನು ಯಾರು, ಎಷ್ಟು ವರ್ಷ, ಯಾರ ಹಣದಲ್ಲಿ ಕೊಡುತ್ತಾರೆ ಎಂಬುದನ್ನು ಹಸ್ತಾಂತರದ ಪತ್ರದಲ್ಲಿ ಬರೆಸಿಕೊಳ್ಳದೆ ಪ್ರಾಜೆಕ್ಟ್‌ನ ಕೊನೆಯ ಗೇಟ್‌ನಲ್ಲಿ ಸಹಿ ಹಾಕಬೇಡಿ.