ಡಿಪಾಸಿಟ್‌ನಲ್ಲಿ 5,897 ರೂಪಾಯಿ ಹಿಡಿದೆ, ಲೆಕ್ಕ ಇಲ್ಲಿದೆ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲಾಟ್ ಇದೆ. ಬಾಡಿಗೆಗೆ ಕೊಡುತ್ತೇವೆ. ಲೆಕ್ಕ ನೋಡುವವಳು ನಾನು. 2022ರಲ್ಲಿ ಒಬ್ಬ ಬಾಡಿಗೆದಾರ ಹೊರಟಾಗ ಡಿಪಾಸಿಟ್‌ನಿಂದ ‘ಪೇಂಟಿಂಗ್ ಮತ್ತು ರಿಪೇರಿ’ ಎಂದು ಒಂದೇ ಸಾಲು ಬರೆದು 15,000 ಹಿಡಿದಿದ್ದೆ. ಆತ ಫೋನಿನಲ್ಲಿ ಕೂಗಾಡಿದ, ನಾನೂ ಕೂಗಾಡಿದೆ. ಆಮೇಲೆ ಕುಳಿತು ಲೆಕ್ಕ ಹಾಕಿದರೆ, ಅದರಲ್ಲಿ ಅರ್ಧ ದುಡ್ಡು ಯಾಕೆ ಹಿಡಿದೆ ಎಂದು ನನಗೇ ಹೇಳಲು ಬರಲಿಲ್ಲ.

ಮುಂದಿನ ಬಾಡಿಗೆದಾರರು ಹುಬ್ಬಳ್ಳಿಯವರು. ಗಂಡ, ಹೆಂಡತಿ, ಒಬ್ಬಳು ಪುಟ್ಟ ಮಗಳು. ನಾವು ಧಾರವಾಡದವರು, ಹೀಗಾಗಿ ನಾನು ಅವರಿಗೆ ಮೊದಲ ದಿನದಿಂದಲೇ ಕಾಕೂ. ಬಾಡಿಗೆ 22,000, ಡಿಪಾಸಿಟ್ 66,000. ಇಲ್ಲಿ ಹನ್ನೊಂದು ತಿಂಗಳಿನ ಲೀವ್ ಅಂಡ್ ಲೈಸೆನ್ಸ್ ಕರಾರು ಮಾಡಿ ರಿಜಿಸ್ಟರ್ ಮಾಡಿಸುತ್ತಾರೆ. ಅಂಥ ಮೂರು ಕರಾರು ಆದವು. 2022ರ ಜೂನ್‌ನಿಂದ 2025ರ ಫೆಬ್ರವರಿವರೆಗೆ, ಒಟ್ಟು 33 ತಿಂಗಳು.

ಅವರು ಬರುವ ದಿನ ಇಬ್ಬರೂ ಕೂಡಿ ಮನೆ ಸುತ್ತಾಡಿ ಒಂದು ವಿಡಿಯೊ ಮಾಡಿದ್ದೆವು. ಗೋಡೆ, ನಲ್ಲಿ, ಕಪಾಟಿನ ಒಳಗು, ಸಿಂಕಿನ ಕೆಳಗು, ಮೀಟರ್. ಅದನ್ನು ಅಂದೇ ಅವರಿಗೆ ಇಮೇಲ್ ಮಾಡಿದ್ದೆ. ಫೋನ್ ಬದಲಾದರೆ ವಾಟ್ಸಾಪ್‌ನಲ್ಲಿದ್ದದ್ದು ಕಳೆದುಹೋಗುತ್ತದೆ, ಇಮೇಲ್ ತಾರೀಕಿನ ಸಮೇತ ಉಳಿಯುತ್ತದೆ. ಹೊರಡುವ ದಿನ ಅದೇ ವಿಡಿಯೊ ಹಚ್ಚಿಕೊಂಡು ಅದೇ ದಾರಿಯಲ್ಲಿ ಮತ್ತೆ ಸುತ್ತಾಡಿದೆವು.

ಅಂದೇ 55,000 ವಾಪಸ್ ಹಾಕಿದೆ. ಉಳಿದ 11,000 ಬಿಲ್ಲುಗಳು ಬರುವವರೆಗೆ ಇಟ್ಟುಕೊಂಡೆ. ಎರಡು ವಾರದಲ್ಲಿ ಪೂರ್ತಿ ಲೆಕ್ಕ ಕಳಿಸುತ್ತೇನೆ ಎಂದು ಬರೆದುಕೊಟ್ಟೆ. ಅವರಿಗೂ ಹೊಸ ಮನೆಗೆ ಡಿಪಾಸಿಟ್ ಕಟ್ಟಬೇಕಲ್ವಾ?

ಕರೆಂಟಿನದು ಸುಲಭ. ಹೊರಟ ದಿನದ ಮೀಟರ್ ಫೋಟೊ ಇತ್ತು. ಹಿಂದಿನ ಬಿಲ್ಲಿನ ರೀಡಿಂಗ್‌ನಿಂದ 86 ಯೂನಿಟ್ ಅವರದು. ಮಹಾವಿತರಣದ ಬಿಲ್ ಬಂದಾಗ ಅದರಲ್ಲಿ 97 ಯೂನಿಟ್, 820 ರೂಪಾಯಿ. ಹೆಚ್ಚಿನ 11 ಯೂನಿಟ್ ನಮ್ಮ ಪೇಂಟರ್ ಉರಿಸಿದ್ದು. 820ರಲ್ಲಿ 97ಕ್ಕೆ 86ರ ಪಾಲು 727. ನೂರು ಯೂನಿಟ್ ದಾಟಿದ್ದರೆ ಮಾತ್ರ ಹೀಗೆ ಹಂಚುವುದು ನ್ಯಾಯವಲ್ಲ. ಅಲ್ಲಿಂದ ಮೇಲೆ ದರ ಏರುತ್ತದೆ, ಆ ಏರಿಕೆ ಪೇಂಟರ್ ಯೂನಿಟ್ಟಿನದು, ಅಂದರೆ ನನ್ನದು. ಪೈಪ್ ಗ್ಯಾಸ್ ಬಿಲ್ ಎರಡು ತಿಂಗಳಿಗೊಮ್ಮೆ ಬರುತ್ತದೆ. ಅದನ್ನೂ ಮೀಟರ್ ಫೋಟೊ ನೋಡಿ ಹಂಚಿದೆ, 540.

ಜಗಳ ಆಗುವುದು ಪೇಂಟಿನಲ್ಲಿ. ಒಂದು ತಿಂಗಳ ಬಾಡಿಗೆ ಪೇಂಟಿಗೆ ಎಂದು ಹಿಡಿಯುವುದು ಬೆಂಗಳೂರಿನಲ್ಲಿ ಮಾಮೂಲು, ಇಲ್ಲೂ ಎಷ್ಟೋ ಜನ ಹಾಗೇ ಮಾಡುತ್ತಾರೆ. ನಮ್ಮ ಕರಾರಿನಲ್ಲಿ ಸಹಜ ಸವೆತಕ್ಕೆ ದುಡ್ಡು ಹಿಡಿಯುವಂತಿಲ್ಲ ಎಂದಿದೆ. ಮೂರು ವರ್ಷದಲ್ಲಿ ಬಣ್ಣ ಮಾಸುವುದು, ಸೋಫಾದ ಹಿಂದೆ ಗೆರೆ ಬೀಳುವುದು, ಒಂದೆರಡು ಮೊಳೆ, ಇವೆಲ್ಲ ಸಹಜ ಸವೆತವೇ. ಹೀಗಾಗಿ ಇಡೀ ಮನೆಯ ಪೇಂಟ್ ಖರ್ಚು ನನ್ನದೇ. ಆದರೆ ಮಗುವಿನ ಕೋಣೆಯ ಒಂದು ಗೋಡೆಗೆ ಡಬಲ್ ಸೈಡ್ ಟೇಪಿನಿಂದ ಚಿತ್ರ ಅಂಟಿಸಿದ್ದರು. ತೆಗೆಯುವಾಗ ಬಣ್ಣದ ಜೊತೆ ಪುಟ್ಟಿಯೂ ಎದ್ದು ಬಂದಿತ್ತು. ಕೆಳಗಡೆ ಮೇಣದ ಕ್ರೇಯಾನ್. ಅದರ ಮೇಲೆ ಸುಮ್ನೆ ಬಣ್ಣ ಹಚ್ಚಿದರೆ ನಿಲ್ಲುವುದಿಲ್ಲ, ಕೆರೆದು ಪುಟ್ಟಿ ಹಾಕಬೇಕು. ಆ ಗೋಡೆಯೊಂದಕ್ಕೇ ಪೇಂಟರ್ 3,600 ಬೇರೆ ಬರೆದುಕೊಟ್ಟ.

ಹಾಗಂತ ಪೂರ್ತಿ 3,600 ಹಿಡಿಯಲಿಲ್ಲ. ಬಣ್ಣ ಹೊಸದಾಗಿರಲಿಲ್ಲ, 33 ತಿಂಗಳು ಹಳೆಯದು. ಐದು ವರ್ಷ ಬಾಳುವ ಬಣ್ಣ ಎಂದುಕೊಂಡರೆ 60ರಲ್ಲಿ 27 ತಿಂಗಳು ಬಾಕಿ ಇತ್ತು. ಅವರಿಂದ ನನಗೆ ಹೋದದ್ದು ಆ ಬಾಕಿ ಮಾತ್ರ. 3,600ರಲ್ಲಿ ಅಷ್ಟು ಪಾಲು 1,620.

“ಐದು ವರ್ಷ ಅಂತ ಯಾರು ಹೇಳಿದ್ರೀ ಕಾಕೂ?” ಎಂದು ಬಾಡಿಗೆದಾರ ಕೇಳಿದ. ಕೇಳಲೇಬೇಕಾದ ಪ್ರಶ್ನೆ. ಯಾವ ಕಾನೂನಿನಲ್ಲೂ ನೋಡಿ ಹೇಳಿದ್ದಲ್ಲ. 2017ರಲ್ಲಿ ಪೇಂಟ್ ಮಾಡಿಸಿದ್ದೆ, ಆಮೇಲೆ 2022ರಲ್ಲಿ. ಆ ಎರಡೂ ಬಿಲ್ ಕಳಿಸಿದೆ. ಈಗ ಹೊಸ ಕರಾರಿನಲ್ಲಿ ಪೇಂಟಿಗೆ 60 ತಿಂಗಳು ಎಂದು ಮೊದಲೇ ಬರೆಸಿದ್ದೇನೆ.

ಅಡುಗೆಮನೆಯಲ್ಲಿ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು, ತಳದ ಹಲಗೆ ಎರಡೂ ಉಬ್ಬಿದ್ದವು. ನೀರು ಎಲ್ಲಿಂದ ಬಂತು ಎನ್ನುವುದು ಮುಖ್ಯ. ಗೋಡೆಯೊಳಗಿನ ಪೈಪಿನಿಂದ ಆಗಿದ್ದರೆ ಖರ್ಚು ನನ್ನದು. ಇಲ್ಲಿ ಅವರೇ ಕೂರಿಸಿದ್ದ ವಾಟರ್ ಪ್ಯೂರಿಫೈಯರ್‌ನ ಸಣ್ಣ ಪೈಪಿನ ಜೋಡಣೆ ಜಿನುಗುತ್ತಿತ್ತು. ಅದರ ನೇರ ಕೆಳಗೆ ಹಲಗೆ ಕಪ್ಪಗಾಗಿತ್ತು, ನಲ್ಲಿಯ ಕಡೆ ಒಣಗಿತ್ತು. ಫೋಟೊ ತೋರಿಸಿದೆ, ಒಪ್ಪಿದ. ಬಡಗಿ ಇಡೀ ಕೆಳಭಾಗ ಬದಲಿಸಲು 14,000 ಹೇಳಿದ್ದ. ನಾನು ಮಾಡಿಸಿದ್ದೂ ಇಡೀ ಕೆಳಭಾಗವನ್ನೇ. ಆದರೆ ಅವರ ಲೆಕ್ಕಕ್ಕೆ ಬರುವುದು ಆ ಒಂದು ಬಾಗಿಲು ಮತ್ತು ಹಲಗೆ, 4,200. ಅಡುಗೆಮನೆ 2018ರದು, ಏಳು ವರ್ಷ ಆಗಿತ್ತು. ಹತ್ತು ವರ್ಷದ ಬಾಳಿಕೆಯಲ್ಲಿ ಮೂರು ಬಾಕಿ. 1,260.

ಚಿಮಣಿಯ ಫಿಲ್ಟರ್ ಎಣ್ಣೆಜಿಡ್ಡು ತೆಗೆಸಿದ್ದಕ್ಕೆ 900. ಮುಂಬಾಗಿಲಿನ ಮೂರು ಕೀಲಿಯಲ್ಲಿ ಒಂದು ಕಳೆದಿತ್ತು, ಲಾಕ್ ಬದಲಿಸಿದ್ದಕ್ಕೆ 850. ಈ ಎರಡಕ್ಕೆ ವಯಸ್ಸಿನ ಲೆಕ್ಕ ಇಲ್ಲ. ಜಿಡ್ಡು ಅವರದೇ. ಲಾಕ್ ಚೆನ್ನಾಗೇ ಇತ್ತು, ಬದಲಿಸಿದ್ದು ಕೀಲಿ ಹೋಯಿತೆಂದು.

ಗೀಸರಿನಲ್ಲಿ ನಾನು ತಪ್ಪಿದೆ. ಕಾಯಿಲ್ ಸುಟ್ಟಿತ್ತು, ರಿಪೇರಿಗೆ 1,450. ಮೊದಲ ಲೆಕ್ಕದಲ್ಲಿ ಅದನ್ನೂ ಅವರ ಪಾಲಿಗೆ ಬರೆದಿದ್ದೆ. “ಇದು ನಾವು ಮಾಡಿದ್ದಲ್ರೀ ಕಾಕೂ, ಬಿಚ್ಚಿದ ಕಾಯಿಲ್ ಒಂದ್ಸಲ ನೋಡ್ರಿ” ಎಂದ. ಎಲೆಕ್ಟ್ರಿಷಿಯನ್ ಹತ್ತಿರ ಇನ್ನೂ ಇತ್ತು. ಸುಣ್ಣ ಬಳಿದಂತೆ ಬಿಳೀ ಪದರ ಕಟ್ಟಿತ್ತು. ಬೇಸಿಗೆಯಲ್ಲಿ ನಮ್ಮ ಸೊಸೈಟಿಗೆ ಟ್ಯಾಂಕರ್ ನೀರು, ಬಲು ಗಡಸು. ಪದರ ದಪ್ಪವಾದಷ್ಟೂ ಕಾಯಿಲಿನ ಶಾಖ ನೀರಿಗೆ ಇಳಿಯುವುದಿಲ್ಲ, ಅದು ತಾನೇ ಕಾದು ಸುಡುತ್ತದೆ. ಯಾರಿದ್ದರೂ ಸುಡುತ್ತಿತ್ತು. ಆ ಸಾಲಿನ ಮುಂದೆ ಸೊನ್ನೆ ಬರೆದೆ.

ಅಲ್ಲಿಂದ ಸೊನ್ನೆಯ ಸಾಲುಗಳನ್ನೂ ಪಟ್ಟಿಯಲ್ಲಿ ಬಿಡಿಸಿ ಬರೆಯಲು ಶುರು ಮಾಡಿದೆ. ಮೊದಲು ಅವನ್ನು ತೆಗೆದೇಬಿಡುತ್ತಿದ್ದೆ. ಕೊನೆಗೆ ಕಳಿಸಿದ್ದರಲ್ಲಿ ಹೀಗೆ ಇತ್ತು: ‘ಹಾಲ್ ಮತ್ತು ದೊಡ್ಡ ಬೆಡ್‌ರೂಮ್ ಪೇಂಟ್, ಸಹಜ ಸವೆತ, ನಿಮ್ಮ ಪಾಲು 0. ಬಾತ್‌ರೂಮ್ ನಲ್ಲಿಯ ವಾಷರ್, 0. ಗೀಸರ್ ಕಾಯಿಲ್, ಗಡಸು ನೀರು, 0.’ ಕೆಳಗೆ ಹಿಡಿದವು, ಪ್ರತಿಯೊಂದರ ಮುಂದೆ ಎಷ್ಟು ಹಳೆಯದು, ಖರ್ಚು ಎಷ್ಟು, ಅವರ ಪಾಲು ಎಷ್ಟು. ಬಡಗಿ ಬಿಲ್ ಕೊಡುವವನಲ್ಲ. ಅವನ ಕೈಬರಹದ ಚೀಟಿ ಮತ್ತು ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ಜೊತೆಗೆ ಇಟ್ಟೆ.

ಒಟ್ಟು 5,897. ಉಳಿದ 5,103 ಅವರ ಖಾತೆಗೆ ಹೋಯಿತು. ಸೊನ್ನೆಗಳನ್ನು ನೋಡಿದ ಮೇಲೆ ಉಳಿದ ಸಾಲುಗಳ ಬಗ್ಗೆ ಕೇಳಲೇ ಇಲ್ಲ ಎಂದು ಅವನ ಹೆಂಡತಿ ಆಮೇಲೆ ಹೇಳಿದಳು.

ಒಂದು ತಿಂಗಳ ಮೇಲೆ ಅವಳದೇ ಫೋನ್. “ಕಾಕೂ, ಆ ಮೂರನೇ ಕೀಲಿ ಸಿಕ್ತು ನೋಡ್ರಿ, ಪಾತ್ರೆ ಡಬ್ಬದಾಗಿತ್ತು.” ಲಾಕ್ ಆಗಲೇ ಬದಲಾಗಿತ್ತು, 850 ವಾಪಸ್ ಕೊಡುವಂತಿರಲಿಲ್ಲ. ಹಳೇ ಲಾಕ್ ಇನ್ನೂ ನನ್ನ ಹತ್ತಿರವೇ ಇದೆ, ನೀವು ದುಡ್ಡು ಕೊಟ್ಟದ್ದು, ಕೊರಿಯರ್ ಮಾಡಲಾ ಎಂದೆ. ನಕ್ಕು ವಿಳಾಸ ಕಳಿಸಿದಳು.