ಎಂಡ್ ಕರೆಕ್ಷನ್ ಮೈನಸ್ ಬಂದಿದ್ದು ಯಾಕೆ?

ದಾವಣಗೆರೆಯ ಏಪ್ರಿಲ್ ಬಿಸಿಲು, ಲ್ಯಾಬಿನೊಳಗೇ 34 ಡಿಗ್ರಿ. 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಹಿಡಿದು ರೆಸೊನೆನ್ಸ್ ಕೊಳವೆಯಲ್ಲಿ ನೀರು ಇಳಿಸುತ್ತಾ ಹೋದೆ. ಮೊದಲ ಸಲ ಸದ್ದು ಜೋರಾಗಿದ್ದು l₁ = 17.4 ಸೆಂ.ಮೀ.ಗೆ, ಎರಡನೇ ಸಲ l₂ = 51.7ಕ್ಕೆ.

ಸದ್ದಿನ ವೇಗ v = 2f(l₂ − l₁) = 2 × 512 × 0.343 ≈ 351 ಮೀ/ಸೆ. ಆ ಸೆಕೆಗೆ ಸರಿಯಾದ ಉತ್ತರವೇ. ಆದರೆ ಎಂಡ್ ಕರೆಕ್ಷನ್‌ಗೆ e = (l₂ − 3l₁)/2 ಹಾಕಿದರೆ −0.25 ಸೆಂ.ಮೀ.! ಕಂಪನ ಕೊಳವೆಯ ಬಾಯಿಂದ ಸ್ವಲ್ಪ ಹೊರಗೂ ಚಾಚುವುದರಿಂದ e ಯಾವತ್ತೂ ಪ್ಲಸ್ ಇರಬೇಕು. ಲೆಕ್ಕ ಮೂರು ಸಲ ತಿದ್ದಿದೆ, ಅದೇ ಬಂತು.

ಲ್ಯಾಬಿನ ಅಣ್ಣ ಬಂದು, "ತಮ್ಮಾ, ಸ್ಕೇಲಿನ ಸೊನ್ನೆ ಎಲ್ಲೈತಿ ನೋಡಿದ್ಯಾ?" ಅಂದರು. ಬಗ್ಗಿ ನೋಡಿದರೆ ಸೊನ್ನೆ ಗೆರೆ ಕೊಳವೆಯ ಬಾಯಿಗಿಂತ 1.2 ಸೆಂ.ಮೀ. ಮೇಲೆ! ಎರಡೂ ಅಳತೆಗೆ ಅಷ್ಟೇ ಹೆಚ್ಚು ಸೇರಿತ್ತು. ಕಳೆಯುವಾಗ ಅದು ಹೊಡೆದುಹೋಗಿ ವೇಗ ಬಚಾವಾಯಿತು. e ಮಾತ್ರ ಪೂರ್ತಿ 1.2 ಕಳೆದುಕೊಂಡಿತ್ತು.

ತಿದ್ದಿದ ಅಳತೆ 16.2 ಮತ್ತು 50.5. ಈಗ e = 0.95. ಕೊಳವೆಯ ಒಳವ್ಯಾಸ 3.4 ಸೆಂ.ಮೀ., e ಅದರ ಸುಮಾರು 0.3 ಪಟ್ಟು, ಅಂದರೆ 1.02 ಇರಬೇಕು; ಹತ್ತಿರವೇ ಇದೆ. ಇದಕ್ಕಿಂತ ಹೆಚ್ಚು ನಿಖರತೆ ಕೇಳುವುದು ತಪ್ಪು: l₁ ಒಂದೇ 1 ಮಿ.ಮೀ. ತಪ್ಪಿದರೂ e 1.5 ಮಿ.ಮೀ. ಸರಿಯುತ್ತದೆ. ಅದಕ್ಕೇ ಮೊದಲ ಅನುರಣನವನ್ನು ನೀರು ಏರಿಸಿ ಒಮ್ಮೆ, ಇಳಿಸಿ ಒಮ್ಮೆ ಹುಡುಕಿ ಸರಾಸರಿ ತೆಗೆದೆ.